ಥಾಯ್ ನಮಸ್ಕಾರದ ಕೊನೆಯಲ್ಲಿ ‘ಖ್ರಪ್’ ಬರಬೇಕೋ ‘ಖ’ ಬರಬೇಕೋ?

ಪ್ರಶ್ನೆ: ಥಾಯ್‌ನಲ್ಲಿ ‘ಸವತ್‌ದೀ’ ಎಂದ ಮೇಲೆ ಕೆಲವರು ‘ಖ್ರಪ್’ ಎನ್ನುತ್ತಾರೆ, ಕೆಲವರು ‘ಖ’ ಎನ್ನುತ್ತಾರೆ. ಗಂಡಸಾದ ನಾನು ಹೆಂಗಸರೊಡನೆ ಮಾತನಾಡುವಾಗ ಯಾವುದನ್ನು ಬಳಸಲಿ?

ಉತ್ತರ: ಎದುರಿಗೆ ಯಾರೇ ಇರಲಿ, ನೀವು ‘ಸವತ್‌ದೀ ಖ್ರಪ್’ ಎಂದೇ ಹೇಳಬೇಕು. ಕನ್ನಡದಲ್ಲಿ ‘ಬಾ’, ‘ಬನ್ನಿ’ ಎಂಬ ವ್ಯತ್ಯಾಸ ಕೇಳುವವರನ್ನು ನೋಡಿ ಆಗುವುದರಿಂದ ನಮಗೆ ಇಲ್ಲಿ ಗೊಂದಲವಾಗುವುದು ಸಹಜ. ಆದರೆ ಥಾಯ್‌ನ ಈ ಗೌರವಸೂಚಕ ಪದವನ್ನು ನಿರ್ಧರಿಸುವುದು ಮಾತನಾಡುವವರ ಲಿಂಗ. ಹೋಟೆಲಿನ ಸ್ವಾಗತಕಾರಿಣಿ ‘ಸವತ್‌ದೀ ಖ’ ಎಂದಾಗ ಅದನ್ನೇ ಗಿಳಿಪಾಠದಂತೆ ಮರಳಿ ಒಪ್ಪಿಸುವುದು ಪ್ರವಾಸಿ ಗಂಡಸರು ಸುಲಭವಾಗಿ ಮಾಡುವ ತಪ್ಪು.

ಆಡುಮಾತಿನಲ್ಲಿ ‘ಖ್ರಪ್’ ಎಂಬುದರ ರಕಾರ ಜಾರಿಹೋಗಿ ಅನೇಕ ಸಲ ‘ಖಪ್’ ಎಂದಷ್ಟೇ ಕೇಳಿಸುತ್ತದೆ. ಗಂಡಸರು ಹೇಳಿಕೆಗೂ ಪ್ರಶ್ನೆಗೂ ಇದೊಂದನ್ನೇ ಬಳಸುತ್ತಾರೆ.

ಹೆಂಗಸರ ‘ಖ’ ಮಾತ್ರ ಸ್ವಲ್ಪ ಸೂಕ್ಷ್ಮವಾದುದು. ‘ಸವತ್‌ದೀ ಖ’ ಎಂಬ ನಮಸ್ಕಾರದಲ್ಲಿ ಅದರ ಸ್ವರ ಮೇಲಿನಿಂದ ಕೆಳಗಿಳಿಯುತ್ತದೆ. ‘ಸಬಾಯ್ ದೀ ಮೈ ಖ’, ಅಂದರೆ ‘ಚೆನ್ನಾಗಿದ್ದೀರಾ’, ಎಂದು ಕೇಳುವಾಗ ಅದೇ ‘ಖ’ ಎತ್ತರದ ಸ್ವರದಲ್ಲಿ ನಿಲ್ಲುತ್ತದೆ. ಅದಕ್ಕೆ ಇನ್ನೊಬ್ಬ ಹೆಂಗಸು ‘ಸಬಾಯ್ ದೀ ಖ’ ಎಂದು ಉತ್ತರಿಸುವಾಗ ಸ್ವರ ಮತ್ತೆ ಇಳಿಯುತ್ತದೆ. ಥಾಯ್ ಲಿಪಿಯಲ್ಲಿ ಇವೆರಡರ ಬರಹವೂ ಬೇರೆ: ಇಳಿಯುವುದಕ್ಕೆ ಅಕ್ಷರದ ಮೇಲೆ ಸಣ್ಣ ಗೆರೆಯೊಂದು ಇರುತ್ತದೆ, ಪ್ರಶ್ನೆಯದಕ್ಕೆ ಇರುವುದಿಲ್ಲ.