ಸ್ಟ್ಯಾಗ್‌ಫ್ಲೇಶನ್: ಬೆಲೆಯೂ ಏರಿ, ಕೆಲಸವೂ ಹೋದಾಗ

ಪ್ರಶ್ನೆ: ಸ್ಟ್ಯಾಗ್‌ಫ್ಲೇಶನ್ ಅಂದ್ರೇನು? ಅದನ್ನ ಹತೋಟಿಗೆ ತರೋದು ಯಾಕಷ್ಟು ಕಷ್ಟ?

ಉತ್ತರ: ಆರ್ಥಿಕತೆ ಬೆಳೆಯದೆ, ನಿರುದ್ಯೋಗ ಹೆಚ್ಚುತ್ತಿದ್ದರೂ ಬೆಲೆಗಳು ಏರುತ್ತಲೇ ಹೋಗುವ ಸ್ಥಿತಿ ಇದು. ಬೆಲೆ ಏರಿದರೆ ಕೇಂದ್ರೀಯ ಬ್ಯಾಂಕು ಬಡ್ಡಿ ಹೆಚ್ಚಿಸುತ್ತದೆ, ಕೆಲಸಗಳು ಕಡಿಮೆಯಾದರೆ ಇಳಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಯಾವುದನ್ನು ಮಾಡಿದರೂ ಇನ್ನೊಂದು ಉಲ್ಬಣಿಸುತ್ತದೆ.

1970ರ ದಶಕದ ಅಮೆರಿಕ ನೋಡಿ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಕಾರ್ಖಾನೆಗಳ ಖರ್ಚು ಏರಿತು, ಉತ್ಪಾದನೆ ಕುಸಿಯಿತು. ಬಡ್ಡಿ ಏರಿಸಿದರೆ ಜನರ ಖರೀದಿ ತಗ್ಗಬಹುದು, ತೈಲವಂತೂ ಹುಟ್ಟುವುದಿಲ್ಲವಲ್ಲ!

ಅಮೆರಿಕದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಮೊದಲು ಬಡ್ಡಿ ಏರಿಸಿತು. 1975ರಲ್ಲಿ ನಿರುದ್ಯೋಗ ಶೇ. 9 ತಲುಪುವ ಹೊತ್ತಿಗೆ ಬಡ್ಡಿ ಇಳಿಯುತ್ತಿತ್ತು. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು ಈ ಹೊಯ್ದಾಟದಿಂದ. ಬೆಲೆ ಏರುತ್ತಲೇ ಇರುತ್ತದೆ ಎಂದು ಜನ ನಂಬಿದರು. ಕಾರ್ಮಿಕರು ಮುಂದಿನ ಏರಿಕೆಯನ್ನೂ ಸೇರಿಸಿ ಸಂಬಳ ಕೇಳಿದರು, ಕಂಪನಿಗಳು ಅದನ್ನು ಬೆಲೆಗೆ ಸೇರಿಸಿದವು. ಇರಾನ್ ಕ್ರಾಂತಿಯಿಂದ ತೈಲ ಮತ್ತೆ ದುಬಾರಿಯಾದಾಗ, 1980ರಲ್ಲಿ ಹಣದುಬ್ಬರ ಶೇ. 14 ದಾಟಿತು.

ಆ ನಂಬಿಕೆ ಮುರಿಯಲು ಫೆಡರಲ್ ರಿಸರ್ವ್‌ನ ಅಂದಿನ ಅಧ್ಯಕ್ಷ ಪಾಲ್ ವೋಲ್ಕರ್ ಬಡ್ಡಿಯನ್ನು ಶೇ. 20ರ ಆಸುಪಾಸಿಗೆ ಒಯ್ದರು. 1983ರ ಹೊತ್ತಿಗೆ ಹಣದುಬ್ಬರ ಶೇ. 4ಕ್ಕಿಂತ ಕೆಳಗಿಳಿಯಿತು. ಆದರೆ 1982ರ ಕೊನೆಗೆ ನಿರುದ್ಯೋಗ ಶೇ. 10.8 ಮುಟ್ಟಿತ್ತು. ಡಾಲರ್‌ನಲ್ಲಿ ಸಾಲ ಎತ್ತಿದ್ದ ಮೆಕ್ಸಿಕೊ ಕೂಡ ಬಡ್ಡಿಯ ಹೊರೆ ಏರಿದ್ದರಿಂದ ಅದೇ ವರ್ಷ ತೀರಿಸಲಾಗದೆ ಕೈಚೆಲ್ಲಿತು.