ಪ್ರತಿಕ್ರಿಯೆ: ಗೃಹ ವಿಮೆಯ ಮೊತ್ತ ಹೆಚ್ಚಿಸಲು ಪತ್ರ

"ಮನೆ ರಿನೋವೇಶನ್ ಆಯ್ತು, ದುಬಾರಿ ಫ್ರಿಜ್, ಟಿವಿ ತಗೊಂಡ್ವಿ. ನಮ್ಮದು ಭಾರತ್ ಗೃಹ ರಕ್ಷಾ ಪಾಲಿಸಿ. ವಿಮಾ ಮೊತ್ತ ಹೆಚ್ಚಿಸೋಕೆ ಪತ್ರದಲ್ಲಿ ಏನು ಬರೀಬೇಕು?"

ಮೊದಲು ಖರ್ಚನ್ನು ಎರಡಾಗಿ ವಿಂಗಡಿಸಿ. ಗೋಡೆಗೆ ಕೂರಿಸಿದ ಮಾಡ್ಯುಲರ್ ಕಿಚನ್, ಹೊಸ ಟೈಲ್ಸ್ ಕಟ್ಟಡದ ಲೆಕ್ಕಕ್ಕೆ ಸೇರುತ್ತವೆ. ಫ್ರಿಜ್, ಟಿವಿ ಮನೆಯ ಸಾಮಾನಿನ ಲೆಕ್ಕ. ಎಲ್ಲವನ್ನೂ ಸಾಮಾನಿಗೇ ಸೇರಿಸಿದರೆ ಕ್ಲೇಮ್ ಸಮಯದಲ್ಲಿ ತಕರಾರು ಬರುತ್ತೆ.

ಈ ಪಾಲಿಸಿಯಲ್ಲಿ ಸಾಮಾನಿಗೆ ತಾನಾಗಿ ಸಿಗುವುದು ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷ. ಕಟ್ಟಡ 30 ಲಕ್ಷವಾದರೆ ಸಾಮಾನಿಗೆ 6 ಲಕ್ಷ. ಇದಕ್ಕಿಂತ ಜಾಸ್ತಿ ಬೇಕಿದ್ದರೆ ಸಾಮಾನಿನ ವಿವರ ಕೊಡಲೇಬೇಕು. ಪತ್ರದಲ್ಲಿ ಹೀಗೆ ಬರೆಯಿರಿ:

"ಮೇಲಿನ ಸಂಖ್ಯೆಯ ಪಾಲಿಸಿಯಲ್ಲಿ ಮನೆಯ ಸಾಮಾನಿನ ವಿಮಾ ಮೊತ್ತವನ್ನು 6 ಲಕ್ಷದಿಂದ 8.6 ಲಕ್ಷಕ್ಕೆ ಹೆಚ್ಚಿಸಲು ಕೋರುತ್ತೇನೆ. ಹೊಸದಾಗಿ ಕೊಂಡದ್ದು: ಟಿವಿ 1.25 ಲಕ್ಷ, ಫ್ರಿಜ್ 90 ಸಾವಿರ, ವಾಷಿಂಗ್ ಮೆಷಿನ್ 45 ಸಾವಿರ. ಬಿಲ್ ಪ್ರತಿ ಲಗತ್ತಿಸಿದ್ದೇನೆ. ಉಳಿದ ಅವಧಿಯ ಹೆಚ್ಚುವರಿ ಪ್ರೀಮಿಯಂ ತಿಳಿಸಿ, ಪಾಲಿಸಿಯ ಬದಲಾವಣೆ ದಾಖಲಿಸುವ ಎಂಡಾರ್ಸ್‌ಮೆಂಟ್ ಪತ್ರ ಕೊಡಿ."

ಹಳೇ ಫ್ರಿಜ್ ಮಾರಿದ್ದರೆ ಅದರ ಮೊತ್ತ ಕಳೆಯಿರಿ, ಸುಮ್ನೆ ಪ್ರೀಮಿಯಂ ಯಾಕೆ ಕಟ್ಟಬೇಕು ಅಲ್ವಾ? ಬಿಲ್‌ನಲ್ಲಿ ಮಾಡೆಲ್, ಸೀರಿಯಲ್ ಸಂಖ್ಯೆ ಕಾಣುವಂತಿರಲಿ. ಕಟ್ಟಡದ ಮೊತ್ತ ಹೆಚ್ಚಿಸುವ ಕೋರಿಕೆಯನ್ನು ಅದೇ ಪತ್ರದಲ್ಲಿ ಬೇರೆ ಪ್ಯಾರಾ ಮಾಡಿ. ಎಂಡಾರ್ಸ್‌ಮೆಂಟ್ ಕೈಗೆ ಬಂದಾಗ ಹೊಸ ಮೊತ್ತ ಯಾವ ದಿನದಿಂದ ಜಾರಿ ಅಂತ ನೋಡಿ.