ಸಿಮಿಲಾರಿಟಿ 6%, ಎಐ 41%: ಎರಡೂ ಹೇಳುವುದು ಬೇರೆ ಬೇರೆ ವಿಷಯ

ಪ್ರಶ್ನೆ: ನನ್ನ ಪಿಎಚ್‌ಡಿ ಥೀಸಿಸ್‌ನ ಒಂದು ಅಧ್ಯಾಯಕ್ಕೆ ಸಿಮಿಲಾರಿಟಿ 6% ಬಂದಿದೆ. ಅದೇ ಫೈಲ್‌ಗೆ ಎಐ 41% ತೋರಿಸ್ತಿದೆ. 6% ಅಂದ್ಮೇಲೆ ಕಾಪಿ ಇಲ್ಲ ಅಂತ ತಾನೇ? ಮತ್ತೆ ಇನ್ನೊಂದು ಟೂಲ್ ಯಾಕೆ? ಯಾವುದನ್ನ ನಂಬಬೇಕು?

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಥೀಸಿಸ್ ಚೆಕ್ ಮಾಡಿ ವರದಿ ಕೊಡುವುದು ನನ್ನ ಕೆಲಸ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ಒಂದು ಕಡಿಮೆ ಇದೆ ಅಂತ ಇನ್ನೊಂದನ್ನು ಬಿಡುವ ಹಾಗೂ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸಿಮಿಲಾರಿಟಿ. ಈ ಸಾಫ್ಟ್‌ವೇರ್ ನಿಮ್ಮ ಬರಹವನ್ನು ಕೆಲವೇ ಪದಗಳ ಸಣ್ಣ ತುಂಡುಗಳಾಗಿ ಮಾಡಿಕೊಳ್ಳುತ್ತದೆ. ಒಂದು ತುಂಡು ಮೊದಲ ಪದದಿಂದ ಶುರುವಾದರೆ, ಮುಂದಿನದು ಎರಡನೇ ಪದದಿಂದ. ಹೀಗೆ ಒಂದರ ಮೇಲೊಂದು ಬರುವ ತುಂಡುಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ತನ್ನ ಡೇಟಾಬೇಸ್‌ನಲ್ಲಿರುವ ಜರ್ನಲ್, ವೆಬ್ ಪುಟ, ಹಳೆಯ ಥೀಸಿಸ್‌ಗಳ ಸಂಖ್ಯೆಗಳ ಜೊತೆ ತಾಳೆ ನೋಡುತ್ತದೆ. ಸಾಲಾಗಿ ಹಲವು ತುಂಡುಗಳು ಹೊಂದಿದರೆ ಆ ಜಾಗಕ್ಕೆ ಬಣ್ಣ ಬಳಿದು, ಪಕ್ಕದಲ್ಲಿ ಮೂಲದ ಲಿಂಕ್ ಕೊಡುತ್ತದೆ. ಆ ಲಿಂಕೇ ಇದರ ಬಲ. ನೀವೂ ತೆರೆದು ನೋಡಬಹುದು, ನಿಮ್ಮ ಗೈಡೂ ನೋಡಬಹುದು. ಎರಡು ಪಠ್ಯ ಕಣ್ಣೆದುರೇ ಇರುವುದರಿಂದ ವಾದಕ್ಕೆ ಜಾಗ ಕಡಿಮೆ.

ಆದರೆ 6% ಅಂದರೆ ಕಾಪಿ ಇಲ್ಲ ಅಂತ ಅರ್ಥ ಅಲ್ಲ. ನಿಮ್ಮ ಅಧ್ಯಾಯ 5,000 ಪದಗಳದ್ದು ಅಂತಿಟ್ಟುಕೊಳ್ಳಿ. 6% ಅಂದರೆ 300 ಪದ. ಆ 300 ಪದ ಇಡೀ ಅಧ್ಯಾಯದಲ್ಲಿ ಹತ್ತು ಹದಿನೈದು ಪದಗಳ ಹಾಗೆ ಚದುರಿದ್ದರೆ ಅವು ಹೆಚ್ಚಾಗಿ ಆ ವಿಷಯದಲ್ಲಿ ಎಲ್ಲರೂ ಬಳಸುವ ಮಾತುಗಳು. ಅದೇ 300 ಪದ ಒಂದೇ ಜಾಗದಲ್ಲಿ, ಒಂದೇ ಥೀಸಿಸ್‌ನಿಂದ, ಆಕರ ಹೇಳದೆ ಬಂದಿದ್ದರೆ ಅದು ಕೃತಿಚೌರ್ಯವೇ. ಎರಡೂ ಕಡೆ ಅಂಕಿ ಮಾತ್ರ 6. ಹಾಗಾಗಿ ಶೇಕಡಾವಾರು ನೋಡಿ ಫೈಲ್ ಮುಚ್ಚಬೇಡಿ, ಬಣ್ಣ ಎಲ್ಲಿ ಗಟ್ಟಿಯಾಗಿದೆ ನೋಡಿ.

ಇನ್ನೊಂದು ಮಿತಿಯೂ ಇದೆ. ಡೇಟಾಬೇಸ್‌ನಲ್ಲಿ ಇಲ್ಲದ್ದು ಇದಕ್ಕೆ ಕಾಣುವುದೇ ಇಲ್ಲ. ಮುದ್ರಣದಲ್ಲಿ ಮಾತ್ರ ಇರುವ ಹಳೆಯ ಕನ್ನಡ ಪುಸ್ತಕದಿಂದ ಎತ್ತಿ ಇಂಗ್ಲಿಷ್‌ಗೆ ಅನುವಾದಿಸಿದರೆ ಸಾಮಾನ್ಯವಾಗಿ ಸೊನ್ನೆ ಬರುತ್ತದೆ. ಕನ್ನಡದಲ್ಲೇ ಬರೆದ ಥೀಸಿಸ್‌ಗಳಿಗೆ ಇನ್ನೂ ಒಂದು ತೊಂದರೆ ಇದೆ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಆದರೆ ಒಳಗಡೆ ಇರುವುದು ಬೇರೆ ಅಕ್ಷರಗಳು. ಯುನಿಕೋಡ್‌ನಲ್ಲಿರುವ ಅದೇ ವಾಕ್ಯದ ಜೊತೆ ಅದು ಹಾಗೇ ತಾಳೆಯಾಗುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬ್ರೌಸರ್‌ನ ಸರ್ಚ್ ಪೆಟ್ಟಿಗೆಯಲ್ಲಿ ಹಾಕಿ. ಕನ್ನಡ ಬಾರದೆ ಏನೇನೋ ಚಿಹ್ನೆ ಬಂದರೆ ಆ ವರದಿಯ ಕಡಿಮೆ ಅಂಕಿಗೆ ಬೆಲೆ ಇಲ್ಲ. ಯುನಿಕೋಡ್‌ಗೆ ಬದಲಾಯಿಸಿ ಮತ್ತೆ ಚೆಕ್ ಮಾಡಿಸಬೇಕು.

ಎಐ ಡಿಟೆಕ್ಟರ್ ಯಾವ ಮೂಲವನ್ನೂ ಹುಡುಕುವುದಿಲ್ಲ. ಅದು ನೋಡುವುದು ಬರಹದ ಧಾಟಿ. ಒಂದು ಪದ ಆದ ಮೇಲೆ ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ, ವಾಕ್ಯಗಳೆಲ್ಲ ಒಂದೇ ಹದದಲ್ಲಿವೆಯಾ, ಮಾದರಿಗಾಗಿ ಕೊಟ್ಟಿದ್ದ ಯಂತ್ರದ ಬರಹಗಳಿಗೆ ಇದು ಹತ್ತಿರ ಇದೆಯಾ, ಇಂಥವುಗಳ ಮೇಲೆ ಅಂದಾಜು ಮಾಡುತ್ತದೆ. ಅಂದಾಜು ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಬಣ್ಣ ಬಳಿದ ವಾಕ್ಯದ ಪಕ್ಕದಲ್ಲಿ ತೆರೆದು ನೋಡಲು ಇಲ್ಲಿ ಯಾವ ಲಿಂಕೂ ಇರುವುದಿಲ್ಲ.

ನಿಮ್ಮ 41% ಟರ್ನಿಟಿನ್‌ನದ್ದಾದರೆ, 'ಇದು ಯಂತ್ರದ್ದಾಗಿರುವ ಸಾಧ್ಯತೆ ನೂರಕ್ಕೆ 41' ಅಂತ ಅರ್ಥ ಅಲ್ಲ. ಫೈಲಿನ ಗದ್ಯದಲ್ಲಿ ಅಷ್ಟು ಭಾಗ ಯಂತ್ರದ್ದು ಅಂತ ಟೂಲ್ ಅಂದುಕೊಂಡಿದೆ, ಅಷ್ಟೇ. ಬೇರೆ ಕೆಲವು ಟೂಲ್‌ಗಳು ಸಾಧ್ಯತೆಯನ್ನೇ ಕೊಡುತ್ತವೆ. ಹಾಗಾಗಿ ಯಾವ ಟೂಲ್ ಅಂತ ಮೊದಲು ಕೇಳಿಕೊಳ್ಳಿ.

ಇದು ತಪ್ಪುವುದು ಎಲ್ಲಿ? ಇಂಗ್ಲಿಷ್ ಮನೆಮಾತಲ್ಲದವರು ಸೀಮಿತ ಪದಗಳಲ್ಲಿ, ಶಾಲೆಯಲ್ಲಿ ಕಲಿತ ವಾಕ್ಯರಚನೆಯಲ್ಲಿ ಬರೆಯುತ್ತಾರೆ. ಅಂಥ ಬರಹ ಊಹೆಗೆ ಸುಲಭವಾಗಿ ಸಿಗುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಡಿಟೆಕ್ಟರ್‌ಗಳಿಗೆ, ಇಂಗ್ಲಿಷ್ ಮನೆಮಾತಲ್ಲದವರು ಬರೆಯುವ ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಮನುಷ್ಯರೇ ಬರೆದವು. ಸರಾಸರಿ 61% ಪ್ರಬಂಧಗಳನ್ನು ಯಂತ್ರದ್ದು ಅಂತ ಅವು ತಪ್ಪಾಗಿ ಗುರುತಿಸಿದವು. ಅದೇ ವರ್ಷ ಓಪನ್‌ಎಐ ಕಂಪನಿ ತನ್ನದೇ ಡಿಟೆಕ್ಟರನ್ನು ನಿಖರತೆ ಸಾಲದು ಅಂತ ಜುಲೈನಲ್ಲಿ ನಿಲ್ಲಿಸಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆಗಸ್ಟ್‌ನಲ್ಲಿ ಟರ್ನಿಟಿನ್‌ನ ಎಐ ಭಾಗವನ್ನು ಬಂದ್ ಮಾಡಿತು. ಅವರ ಲೆಕ್ಕ ಸರಳ. ಹಿಂದಿನ ವರ್ಷ ಅಲ್ಲಿ 75,000 ಪೇಪರ್ ಚೆಕ್ ಆಗಿದ್ದವು. ತಪ್ಪು ನೂರಕ್ಕೆ ಒಂದೇ ಅಂದುಕೊಂಡರೂ 750 ಪೇಪರ್‌ಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು. ಡಿಟೆಕ್ಟರ್‌ಗಳು ಆಮೇಲೆ ಸುಧಾರಿಸಿರಬಹುದು. ಆದರೂ ಮೂಲ ತೋರಿಸಲಾಗದ ತೊಡಕು ಹಾಗೇ ಇದೆ.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. 2015ರ ಒಂದು ಥೀಸಿಸ್‌ನಿಂದ ಎರಡು ಪುಟ ಹಾಗೇ ಎತ್ತಿದ್ದೀರಿ ಅಂದುಕೊಳ್ಳಿ. ಡಿಟೆಕ್ಟರ್ 'ಮನುಷ್ಯರ ಬರಹ' ಅನ್ನಬಹುದು, ಅದು ನಿಜವೂ ಹೌದು. ಆದರೆ ಬರೆದ ಮನುಷ್ಯ ನೀವಲ್ಲ. ಅದನ್ನು ಹಿಡಿಯುವುದು ಸಿಮಿಲಾರಿಟಿ ಮಾತ್ರ. ಅದೇ ಎರಡು ಪುಟವನ್ನು ಯಂತ್ರದಿಂದ ಹೊಸದಾಗಿ ಬರೆಸಿದರೆ ಪದಗಳ ಸಾಲು ಎಲ್ಲೂ ಹೊಂದುವುದಿಲ್ಲ, ಸಿಮಿಲಾರಿಟಿ ಸೊನ್ನೆಯ ಹತ್ತಿರ ಬರುತ್ತದೆ. ಅಲ್ಲಿ ಡಿಟೆಕ್ಟರ್ ಒಂದು ಸುಳಿವು ಕೊಡಬಹುದು, ಕೊಡದೆಯೂ ಇರಬಹುದು. ಒಂದೇ ಪ್ಯಾರಾಕ್ಕೆ ಎರಡೂ ಬಣ್ಣ ಬೀಳುವುದೂ ಉಂಟು. ಅಮೆರಿಕದ ಸಂವಿಧಾನವನ್ನೇ ಕೆಲವು ಡಿಟೆಕ್ಟರ್‌ಗಳು ಯಂತ್ರದ್ದು ಅಂದಿದ್ದವು. ಎಷ್ಟೋ ಸಲ ಕಂಡ ಪಠ್ಯ ಆದ್ದರಿಂದ ಮುಂದಿನ ಪದವನ್ನು ಊಹಿಸುವುದು ಅವಕ್ಕೆ ಬಹಳ ಸುಲಭ.

ನಮ್ಮಲ್ಲಿ ನಡೆಯುವ ಒಂದು ಗೊಂದಲ ನನಗೆ ಬಹಳ ಬೇಸರ ತರುತ್ತದೆ. ಯುಜಿಸಿಯ 2018ರ ನಿಯಮದಲ್ಲಿ 10% ತನಕ ದಂಡನೆ ಇಲ್ಲ, 10ರಿಂದ 40% ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು, 60% ದಾಟಿದರೆ ನೋಂದಣಿ ರದ್ದು. ಈ ಮಿತಿಗಳೆಲ್ಲ ಸಿಮಿಲಾರಿಟಿಗೆ ಸೇರಿದ್ದು. ಚಾಟ್‌ಜಿಪಿಟಿ ಬಂದದ್ದೇ 2022ರ ಕೊನೆಯಲ್ಲಿ, ಅದಕ್ಕೂ ಮೊದಲಿನ ನಿಯಮದಲ್ಲಿ ಎಐ ಅಂಕಿಗೆ ಮಿತಿ ಇರಲು ಸಾಧ್ಯವೇ ಇಲ್ಲ. ಆ 10% ಅನ್ನು ಎಐ ವರದಿಗೆ ಅಂಟಿಸಿ ಥೀಸಿಸ್ ವಾಪಸ್ ಕಳಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ. ನಿಮ್ಮ ವಿಶ್ವವಿದ್ಯಾಲಯ ಎಐಗೆ ಬೇರೆ ನಿಯಮ ಮಾಡಿದ್ದರೆ ಅದರ ಪ್ರತಿ ಕೇಳಿ ತೆಗೆದುಕೊಳ್ಳಿ.

ಈಗ ನೀವು ಮಾಡಬೇಕಾದದ್ದು: ಗೈಡ್ ಹತ್ತಿರ ಹೋಗುವಾಗ ಎರಡೂ ವರದಿಗಳ ಪೂರ್ತಿ ಪಿಡಿಎಫ್ ಇರಲಿ, ಮೊದಲ ಪುಟ ಮಾತ್ರ ಸಾಲದು. ಸಿಮಿಲಾರಿಟಿಯಲ್ಲಿ ಉದ್ದವಾಗಿ ಬಣ್ಣ ಬಿದ್ದ ಜಾಗಗಳಿಗೆ ಆಕರ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ. ನೇರವಾಗಿ ಎತ್ತಿಕೊಂಡ ಮಾತಾದರೆ ಉದ್ಧರಣ ಚಿಹ್ನೆಯೂ ಬೇಕು. ಎಐ ಬಣ್ಣ ಬಿದ್ದ ಭಾಗಗಳನ್ನು ನೀವೇ ಬರೆದದ್ದಾದರೆ ಹಳೆಯ ಡ್ರಾಫ್ಟ್‌ಗಳು, ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ, ಓದಿದ ಲೇಖನಗಳ ಟಿಪ್ಪಣಿ ತೋರಿಸಿ, ಆ ಭಾಗವನ್ನು ಬಾಯಿಮಾತಲ್ಲಿ ವಿವರಿಸಲು ಸಿದ್ಧರಾಗಿರಿ. ಯಂತ್ರದ ಸಹಾಯ ತೆಗೆದುಕೊಂಡಿದ್ದರೆ ಎಲ್ಲಿ, ಎಷ್ಟು ಅಂತ ಮುಚ್ಚಿಡದೆ ಹೇಳಿ, ಆ ಭಾಗದಲ್ಲಿ ಕೊಟ್ಟಿರುವ ಪ್ರತಿ ಆಕರವನ್ನೂ ತೆರೆದು ನೋಡಿ. ಎಲ್ಲೂ ಇಲ್ಲದ ಲೇಖನಗಳ ಹೆಸರನ್ನೂ ಯಂತ್ರ ಕೊಟ್ಟುಬಿಡುತ್ತದೆ. ಅದನ್ನು ಈ ಎರಡು ವರದಿಗಳನ್ನು ನಂಬಿ ಕಂಡುಹಿಡಿಯಲು ಆಗುವುದಿಲ್ಲ.